ಮನೆ ಬರೆದುಕೊಟ್ಟ ಮೇಲೆ: ನಿವೃತ್ತಿ, ದಾನಪತ್ರ ಮತ್ತು ಮುಪ್ಪಿನ ಆರೈಕೆ

(ಹಿರಿಯ ನಾಗರಿಕರು ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಮುಪ್ಪು ಮತ್ತು ಬದಲಾಗುತ್ತಿರುವ ಕುಟುಂಬದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಇಷ್ಟು ದೊಡ್ಡ ವಿಷಯವನ್ನು ಒಂದು ಗಂಟೆಯಲ್ಲಿ ಪೂರ್ತಿ ಹೇಳಲು ಹೊರಟರೆ ಏನನ್ನೂ ಹೇಳಿದಂತಾಗುವುದಿಲ್ಲ. ಅದಕ್ಕೇ ಒಂದೇ ಸಂಗತಿ ಎತ್ತಿಕೊಂಡಿದ್ದೇನೆ. ನಿವೃತ್ತಿಯಾದ ಮೇಲೆ ಅಪ್ಪನೋ ಅಮ್ಮನೋ ಇರುವ ಒಂದು ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುತ್ತಾರಲ್ಲ, ಅದರ ಬಗ್ಗೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿ, ಅರ್ಧ ದಿನದಲ್ಲಿ ಮುಗಿಯುವ ಕೆಲಸ ಅದು. ಆದರೆ ಮುಂದಿನ ಹದಿನೈದು-ಇಪ್ಪತ್ತು ವರ್ಷ ಯಾರು ಯಾರನ್ನು ನೋಡಿಕೊಳ್ಳುತ್ತಾರೆ, ಯಾರು ಯಾರ ಮನೆಯಲ್ಲಿರುತ್ತಾರೆ ಅನ್ನುವುದೆಲ್ಲ ಆ ಅರ್ಧ ದಿನದಲ್ಲೇ ಬಹಳ ಮಟ್ಟಿಗೆ ತೀರ್ಮಾನವಾಗಿ ಹೋಗುತ್ತದೆ.

ಮನೆಗೆ ಯಾಕೆ ಇಷ್ಟು ಮಹತ್ವ ಅಂತ ಮೊದಲು ನೋಡೋಣ. ನಮ್ಮಲ್ಲಿ ಪಿಂಚಣಿ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಸರ್ಕಾರಿ ನೌಕರರು. ಉಳಿದವರ ಲೆಕ್ಕ ಬೇರೆ. ಖಾಸಗಿ ಕಾರ್ಖಾನೆಯಲ್ಲಿ ದುಡಿದವರಿಗೆ 1995ರ ನೌಕರರ ಪಿಂಚಣಿ ಯೋಜನೆ ಇದೆ. 58 ವರ್ಷಕ್ಕೆ ಪೂರ್ಣ ಪಿಂಚಣಿ ಶುರುವಾಗುತ್ತದೆ. ಅದರ ಲೆಕ್ಕ ಸುಲಭ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಹಿಡಿಯುವ ಸಂಬಳಕ್ಕೆ 15,000 ರೂಪಾಯಿಯ ಮಿತಿ. 2014ಕ್ಕೆ ಮೊದಲು ಅದೂ 6,500 ಇತ್ತು. ಹೀಗಾಗಿ ಮೂವತ್ತು ವರ್ಷ ಬೆವರು ಸುರಿಸಿದವರಿಗೂ ತಿಂಗಳಿಗೆ ಏಳು ಸಾವಿರ ದಾಟುವುದು ಕಷ್ಟ. ಬಹಳ ಜನಕ್ಕೆ ಮೂರೋ ನಾಲ್ಕೋ ಸಾವಿರ. ಕನಿಷ್ಠ ಪಿಂಚಣಿ 1,000 ರೂಪಾಯಿ. ಗಂಡ ತೀರಿಕೊಂಡರೆ ಹೆಂಡತಿಗೆ ಸಾಮಾನ್ಯವಾಗಿ ಅದರ ಅರ್ಧ. ಇನ್ನು ಕೂಲಿ ಮಾಡಿದವರು, ಬೇರೆಯವರ ಹೊಲದಲ್ಲಿ ದುಡಿದವರು, ಮನೆಗೆಲಸ ಮಾಡಿದವರು ಇದ್ದಾರಲ್ಲ, ಅವರಿಗೆ 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ. ಬಿ.ಪಿ., ಶುಗರ್ ಮಾತ್ರೆಗೇ ಅದು ಸಾಲದು.

ಇನ್ನೊಂದು ಕಡೆ ಆಯಸ್ಸು ಬೆಳೆದಿದೆ. ನಮ್ಮ ದೇಶದಲ್ಲಿ ಅರವತ್ತು ಮುಟ್ಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. 2011ರ ಜನಗಣತಿಯಲ್ಲೇ ಕರ್ನಾಟಕದ ಜನರಲ್ಲಿ ಅರವತ್ತು ದಾಟಿದವರು ಶೇಕಡಾ 9.5ರಷ್ಟು ಇದ್ದರು. ದೇಶದ ಸರಾಸರಿ ಆಗ ಶೇಕಡಾ 8.6. ಅಂದರೆ ಇಷ್ಟು ದೊಡ್ಡ ಸಂಖ್ಯೆಯ ಜನ ಇಷ್ಟು ವರ್ಷಗಳನ್ನು ಈ ಸಣ್ಣ ದುಡ್ಡಿನಲ್ಲಿ ದಾಟಬೇಕು. ಅದಕ್ಕೇ ದುಡಿದು ಕಟ್ಟಿದ ಒಂದು ಮನೆ, ಒಂದು ಸೈಟು, ಎರಡು ಎಕರೆ ಹೊಲವೇ ಇವರ ನಿಜವಾದ ಪಿಂಚಣಿ. ಆದರೆ ಈ ಪಿಂಚಣಿಯನ್ನು ತಿಂಗಳು ತಿಂಗಳು ಬ್ಯಾಂಕಿನಿಂದ ತೆಗೆಯಲಾಗುವುದಿಲ್ಲ. ಮಗನ ಕೈಗೆ ಕೊಟ್ಟು, ಅವನ ಕೈಯಿಂದ ಊಟ, ಔಷಧಿ, ಆಸರೆಯ ರೂಪದಲ್ಲಿ ವಾಪಸು ಪಡೆಯಬೇಕು. ಸಮಾಜಶಾಸ್ತ್ರ ಇದನ್ನು ತಲೆಮಾರುಗಳ ನಡುವಿನ ವಿನಿಮಯ ಎಂದು ನೋಡುತ್ತದೆ. ಹಾಗೆ ನೋಡಿದರೆ ಪ್ರೀತಿಗೆ ಕುಂದೇನೂ ಬರುವುದಿಲ್ಲ. ಪ್ರೀತಿ ಇರುವ ಮನೆಯಲ್ಲೂ ಕೊಡುವುದು-ತೆಗೆದುಕೊಳ್ಳುವುದು ನಡೆದೇ ಇರುತ್ತದೆ.

"ಹಿಂದೆ ಕೂಡು ಕುಟುಂಬ ಇತ್ತು, ಈಗ ಒಡೆದು ಹೋಯಿತು, ಅದಕ್ಕೇ ಹಿರಿಯರಿಗೆ ಈ ಗತಿ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಎ.ಎಂ. ಶಾ ಅವರಂಥ ಸಮಾಜಶಾಸ್ತ್ರಜ್ಞರು ಬಹಳ ಹಿಂದೆಯೇ ಎಚ್ಚರಿಸಿದ್ದರು: ಒಂದೇ ಒಲೆಯಲ್ಲಿ ಉಣ್ಣುವ ಮನೆ ಬೇರೆ, ಸಂಬಂಧಗಳ ಬಳಗವಾದ ಕುಟುಂಬ ಬೇರೆ, ಎರಡನ್ನೂ ಕಲಸಬಾರದು ಅಂತ. ಮಕ್ಕಳು ಬೇರೆ ಮನೆ ಮಾಡಿದ ಮಾತ್ರಕ್ಕೆ ಕುಟುಂಬ ಸತ್ತು ಹೋಗುವುದಿಲ್ಲ. ಹಳೆಯ ಕಾಲದಲ್ಲೂ ಪಾಲಾಗುತ್ತಿತ್ತು, ಜಗಳವಾಗುತ್ತಿತ್ತು, ಅಪ್ಪ ಒಬ್ಬ ಮಗನ ಹತ್ತಿರ, ಅಮ್ಮ ಇನ್ನೊಬ್ಬನ ಹತ್ತಿರ ಇರುವುದೂ ಇತ್ತು. ಮಕ್ಕಳಿಂದ ಬೇರೆ ಇರುವುದು ತಾತ್ಸಾರವೇ ಆಗಬೇಕಿಲ್ಲ ಎಂದು ಆಸ್ಟ್ರಿಯಾದ ಲಿಯೊಪೋಲ್ಡ್ ರೋಸನ್‌ಮಾಯರ್ 1960ರ ದಶಕದಲ್ಲೇ ತೋರಿಸಿದ್ದರು. ಅಲ್ಲಿನ ಹಿರಿಯರು ಮಕ್ಕಳ ಹತ್ತಿರದಲ್ಲಿರಲು ಬಯಸುತ್ತಿದ್ದರು, ಆದರೆ ಒಂದೇ ಸೂರಿನಡಿ ಬೇಡ ಅನ್ನುತ್ತಿದ್ದರು. ಇವತ್ತು ನಮ್ಮ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಎಷ್ಟೋ ಹಿರಿಯರೂ ಇದನ್ನೇ ಹೇಳುತ್ತಾರೆ: "ಪಕ್ಕದ ಬೀದಿಯಲ್ಲಿದ್ದರೆ ಸಾಕಪ್ಪ."

ಹಾಗಾದರೆ ಬದಲಾಗಿರುವುದು ಏನು? ನನ್ನ ಪ್ರಕಾರ ಕೊಡುವ ಹೊತ್ತು ಬದಲಾಗಿದೆ. ಹೊಲ-ಮನೆಯ ಕಾಲದಲ್ಲಿ ಯಜಮಾನ ಸಾಯುವವರೆಗೂ ಪಹಣಿ ಅವನ ಹೆಸರಿನಲ್ಲೇ ಇರುತ್ತಿತ್ತು. ಅವನು ಹೋದ ಮೇಲೆ ಪೌತಿ ಖಾತೆ. ನಡುವೆ ಪಾಲಾದರೂ ತಂದೆ-ತಾಯಿಯ ಜೀವನಕ್ಕೆಂದು ಒಂದು ತುಂಡು ಬೇರೆ ತೆಗೆದಿಡುತ್ತಿದ್ದರು. "ಅವರು ಇರೋ ತನಕ ಅವರದ್ದು, ಕೊನೆಗೆ ನೋಡಿಕೊಂಡವನಿಗೆ" ಎಂಬ ಮಾತು ಊರ ಹಿರಿಯರ ಮುಂದೆ ಆಗುತ್ತಿತ್ತು. ಆಸ್ತಿಯೂ ಆರೈಕೆಯೂ ಒಂದೇ ಹೊತ್ತಿನಲ್ಲಿ, ಒಂದೇ ಅಂಗಳದಲ್ಲಿ ನಡೆಯುತ್ತಿದ್ದವು. ಈಗ ಮಗನಿಗೆ ಆಸ್ತಿ ಬೇಕಾಗುವುದು ಅವನ ಮೂವತ್ತೈದನೇ ವಯಸ್ಸಿನಲ್ಲಿ. ಮನೆ ಸಾಲಕ್ಕೆ, ಅಂಗಡಿಗೆ, ಮಕ್ಕಳ ಓದಿಗೆ. ಅಪ್ಪ-ಅಮ್ಮನಿಗೆ ಆರೈಕೆ ಬೇಕಾಗುವುದು ಅವರ ಎಪ್ಪತ್ತೈದನೇ ವಯಸ್ಸಿನಲ್ಲಿ. ನಡುವೆ ಹತ್ತು-ಹದಿನೈದು ವರ್ಷದ ಅಂತರ. ಈ ಅಂತರದಲ್ಲಿ ಮಗನ ಕೆಲಸ ಹೋಗಬಹುದು, ಊರು ಬಿಡಬಹುದು, ಅವನ ಮನೆಯ ಪರಿಸ್ಥಿತಿಯೇ ತಿರುಗಿಬಿಡಬಹುದು. ಕೊಟ್ಟವರ ಕೈಯಲ್ಲಿ ಆಗ ಏನೂ ಉಳಿದಿರುವುದಿಲ್ಲ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಬೇರೆ ಬೇರೆ ಮನೆಗಳಲ್ಲಿ ನಡೆಯುವುದನ್ನು ಸೇರಿಸಿ ಕಟ್ಟಿದ್ದೇನೆ. ಜಿಲ್ಲಾ ಕೇಂದ್ರದ ಊರು. ಅಪ್ಪ ಕಾರ್ಖಾನೆಯಿಂದ ನಿವೃತ್ತರಾದರು, ತಿಂಗಳಿಗೆ ನಾಲ್ಕು ಸಾವಿರ ಪಿಂಚಣಿ. ಮೂವತ್ತು-ನಲವತ್ತರ ಸೈಟಿನಲ್ಲಿ ಸ್ವಂತ ಸಂಪಾದನೆಯಿಂದ ಕಟ್ಟಿದ ಮನೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಪಿ.ಎಫ್. ದುಡ್ಡು ಮಗಳ ಮದುವೆಯ ಸಾಲಕ್ಕೆ ಹೋಯಿತು. ದೊಡ್ಡ ಮಗ ಹೇಳಿದ: "ಅಪ್ಪಾ, ಮೇಲೆ ಇನ್ನೊಂದು ಮನೆ ಕಟ್ಟಿಸೋಣ, ಬಾಡಿಗೆ ಬರುತ್ತೆ. ನಿಮ್ಮ ವಯಸ್ಸಿಗೆ ಬ್ಯಾಂಕ್‌ನವರು ಸಾಲ ಕೊಡಲ್ಲ. ನನ್ನ ಹೆಸರಿಗೆ ಮಾಡಿದರೆ ಕೊಡ್ತಾರೆ." ಇದರಲ್ಲಿ ಮೋಸವೇನೂ ಇಲ್ಲ, ಗಮನಿಸಿ. ಮಾತು ನಿಜವೇ. ಅಪ್ಪ ಒಪ್ಪಿದರು. ಚಿಕ್ಕ ಮಗನಿಗೆ ಒಂದಿಷ್ಟು ದುಡ್ಡು ಕೊಡುವುದು ಎಂದು ಬಾಯಿ ಮಾತಾಯಿತು.

ದಾನಪತ್ರವನ್ನೇ ಯಾಕೆ ಮಾಡಿದರು? ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ತೀರಾ ಕಡಿಮೆ. ಕ್ರಯಪತ್ರವಾದರೆ ಆಸ್ತಿಯ ಬೆಲೆಯ ಮೇಲೆ ಶೇಕಡಾವಾರು ಕಟ್ಟಬೇಕು, ಲಕ್ಷಗಟ್ಟಲೆ ಆಗುತ್ತದೆ. ಪತ್ರ ಬರೆಯುವವರ ಹತ್ತಿರ ಒಂದು ಸಿದ್ಧ ನಮೂನೆ ಇರುತ್ತದೆ. ಅದರಲ್ಲಿ ಇರುವುದು ಸುಮಾರು ಹೀಗೆ: "ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಈ ಸ್ವತ್ತನ್ನು ದಾನವಾಗಿ ಕೊಟ್ಟಿರುತ್ತೇನೆ. ಈ ದಿನವೇ ಸ್ವಾಧೀನ ಬಿಟ್ಟುಕೊಟ್ಟಿರುತ್ತೇನೆ. ಇನ್ನು ಮುಂದೆ ಈ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ." ಅಪ್ಪ ಓದದೆ ಸಹಿ ಹಾಕಿದರು. ಓದಿದ್ದರೂ ಹಾಕುತ್ತಿದ್ದರೇನೋ. ಮಗನ ಮುಂದೆ ಕೂತು "ನನ್ನನ್ನು ನೋಡಿಕೊಳ್ಳುತ್ತೀಯ ಅಂತ ಬರೆ" ಎಂದು ಕೇಳುವುದು ನಮ್ಮಲ್ಲಿ ಅವಮಾನ ಅನ್ನಿಸುತ್ತದೆ. ಈ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೇಳದೇ ಸಿಗಬೇಕು ಅನ್ನುವುದರಲ್ಲೇ ಆ ಸಂಬಂಧದ ಮರ್ಯಾದೆ ಇದೆ ಎಂದು ಅವರು ನಂಬಿರುತ್ತಾರೆ.

ಆರು ವರ್ಷದ ಮೇಲೆ ಅಪ್ಪ ತೀರಿಕೊಂಡರು. ಅಮ್ಮನಿಗೆ ಪಿಂಚಣಿ ಎರಡು ಸಾವಿರ. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆದರೆ ಅಲ್ಲಿಂದ ಮುಂದೆ ಆಕೆಯನ್ನು ಎಬ್ಬಿಸಬೇಕು, ಕೂರಿಸಬೇಕು, ಮಲ-ಮೂತ್ರಕ್ಕೆ ಕರೆದೊಯ್ಯಬೇಕು. ಹಾಸಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಅಷ್ಟೇ. ದೊಡ್ಡ ಸೊಸೆ ಕೆಲಸಕ್ಕೆ ಹೋಗುವವಳು, ಸಾಲದ ಕಂತಿನ ಅರ್ಧ ಅವಳ ಸಂಬಳದಿಂದ ಹೋಗುತ್ತದೆ. ಕೆಲಸ ಬಿಡುವಂತಿಲ್ಲ. ಹಗಲು-ರಾತ್ರಿ ನೋಡಿಕೊಳ್ಳುವ ಆಯಾ ಇಟ್ಟರೆ ತಿಂಗಳಿಗೆ ಕಂತಿಗಿಂತ ಜಾಸ್ತಿ. ಚಿಕ್ಕ ಮಗ, "ಆಸ್ತಿ ತಗೊಂಡವರು ನೋಡಿಕೊಳ್ಳಲಿ" ಅಂದ. ದೊಡ್ಡವನು, "ಅಮ್ಮ ನನಗೊಬ್ಬನಿಗೇ ಅಮ್ಮನಾ?" ಅಂದ. ಕೊನೆಗೆ ಮಗಳು ಬಂದು ಕರೆದುಕೊಂಡು ಹೋದಳು. ಪತ್ರದಲ್ಲಿ ಮಗಳ ಹೆಸರೇ ಇಲ್ಲ.

ನಾನು ಹೇಳಬೇಕು ಅಂದುಕೊಂಡಿರುವ ಮುಖ್ಯ ವಿಷಯ ಇದೇ. ಪತ್ರದಲ್ಲಿ ಸಹಿ ಹಾಕುವವರು ಅಪ್ಪ ಮತ್ತು ಮಗ. ಆರೈಕೆ ಮಾಡುವವಳು ಸೊಸೆ ಇಲ್ಲವೇ ಮಗಳು. ಆಸ್ತಿ ಒಂದು ದಾರಿಯಲ್ಲಿ ಹೋಗುತ್ತದೆ, ಕೆಲಸ ಇನ್ನೊಬ್ಬರ ಮೈಮೇಲೆ ಬೀಳುತ್ತದೆ. ಆ ಹೆಣ್ಣುಮಗಳನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ, ಅವಳಿಗೆ ಪ್ರತಿಫಲವೂ ಇಲ್ಲ. ಇದು ಯಾರೋ ಒಬ್ಬ ಕೆಟ್ಟ ಮಗನಿಂದಾಗುವ ತೊಂದರೆಯಲ್ಲ. ವ್ಯವಸ್ಥೆಯೇ ಹೀಗೆ ಕಟ್ಟಿಕೊಂಡಿದೆ. ಹೆಣ್ಣುಮಕ್ಕಳು ಮನೆಯಲ್ಲೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ಹಳೆಯ ಆರೈಕೆ ನಿಂತಿತ್ತು. ಅವರು ಈಗ ದುಡಿಯಲು ಹೊರಗೆ ಹೋಗುತ್ತಾರೆ, ಹೋಗಲೇಬೇಕು. ಆ ಜಾಗಕ್ಕೆ ಬೇರೆ ಏನನ್ನೂ ನಾವು ತಂದಿಟ್ಟಿಲ್ಲ.

ಈಗ ಆ ಅಮ್ಮ ಏನು ಮಾಡಬಹುದು? 2007ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು: ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಕರ್ನಾಟಕದಲ್ಲಿ 2008ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದರಲ್ಲಿ ಕೋರ್ಟಿಗೆ ಹೋಗಬೇಕಿಲ್ಲ. ಉಪವಿಭಾಗಾಧಿಕಾರಿಗಳ, ಅಂದರೆ ನಾವು ಎ.ಸಿ. ಅನ್ನುತ್ತೇವಲ್ಲ, ಅವರ ಬಳಿ ಅರ್ಜಿ ಕೊಡಬೇಕು. ಅವರೇ ಈ ಕಾಯ್ದೆಯ ನ್ಯಾಯಮಂಡಳಿ. ಹಿರಿಯರು ವಾಸ ಇರುವ ಊರಲ್ಲಿ ಕೊಡಬಹುದು, ಮಕ್ಕಳಿರುವ ಊರಲ್ಲೂ ಕೊಡಬಹುದು. ಓಡಾಡಲು ಆಗದವರು ತಮ್ಮ ಪರವಾಗಿ ಬೇರೆಯವರಿಗೆ ಅಥವಾ ಒಂದು ಸಂಸ್ಥೆಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ಮೊದಲು ರಾಜಿಗೆ ಒಂದು ಅವಕಾಶ. ಸಂಧಾನ ಅಧಿಕಾರಿಗೆ ಒಂದು ತಿಂಗಳು ಸಮಯ. ಆಗದಿದ್ದರೆ ವಿಚಾರಣೆ. ನೋಟಿಸ್ ಮುಟ್ಟಿದ ಮೇಲೆ 90 ದಿನದೊಳಗೆ ತೀರ್ಮಾನ, ವಿಶೇಷ ಸಂದರ್ಭದಲ್ಲಿ ಇನ್ನೊಂದು 30 ದಿನ. ಇದು ಪುಸ್ತಕದ ಮಾತು. ಎ.ಸಿ.ಗಳ ಮೇಜಿನ ಮೇಲೆ ಭೂಸ್ವಾಧೀನ, ಚುನಾವಣೆ, ಕಂದಾಯದ ತಕರಾರು ಎಲ್ಲವೂ ಇರುತ್ತವೆ. ಅವುಗಳ ನಡುವೆ ಮುದುಕಿಯೊಬ್ಬಳ ಫೈಲು ಎಲ್ಲಿರುತ್ತದೆ ಅಂತ ನೀವೇ ಊಹಿಸಬಹುದು.

ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಪರಿಹಾರಗಳಿವೆ. ಜನ ಇವೆರಡನ್ನೂ ಕಲಸಿಕೊಳ್ಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು, ಜೀವನಾಂಶ. ತನ್ನ ಆದಾಯದಿಂದ, ತನ್ನ ಆಸ್ತಿಯಿಂದ ಬದುಕಲು ಆಗದ ತಂದೆ-ತಾಯಿ ಮಕ್ಕಳಿಂದ ತಿಂಗಳಿಗೆ ಹಣ ಕೇಳಬಹುದು. ಮಕ್ಕಳು ಎಂದರೆ ಗಂಡುಮಕ್ಕಳು, ಹೆಣ್ಣುಮಕ್ಕಳು, ವಯಸ್ಸಿಗೆ ಬಂದ ಮೊಮ್ಮಕ್ಕಳು. ಗರಿಷ್ಠ 10,000 ರೂಪಾಯಿ. ಈ ಮೊತ್ತ 2007ರಿಂದ ಹಾಗೇ ಇದೆ. ಮಿತಿ ತೆಗೆಯಬೇಕು, ಅಳಿಯ-ಸೊಸೆಯರನ್ನೂ ಸೇರಿಸಬೇಕು ಎಂದು 2019ರಲ್ಲಿ ಲೋಕಸಭೆಗೆ ಒಂದು ಮಸೂದೆ ಬಂತು, ಕಾಯ್ದೆಯಾಗಲಿಲ್ಲ. ಆದೇಶವಾದ ಮೇಲೂ ಮಗ ಕೊಡದಿದ್ದರೆ ವಾರಂಟ್ ಹೊರಡಿಸಬಹುದು, ಒಂದು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ಬಾಕಿ ಬಿದ್ದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಹಿರಿಯರು "ಮುಂದಿನ ತಿಂಗಳು ಕೊಡ್ತಾನೆ" ಎಂದು ಕಾಯುತ್ತಲೇ ಈ ಮೂರು ತಿಂಗಳು ಕಳೆದುಕೊಳ್ಳುತ್ತಾರೆ.

ಎರಡನೆಯದು 23ನೇ ಕಲಂ. ಕೊಟ್ಟ ಆಸ್ತಿಯನ್ನು ವಾಪಸು ಪಡೆಯುವ ದಾರಿ. ಹಿರಿಯ ನಾಗರಿಕರು ಈ ಕಾಯ್ದೆ ಬಂದ ಮೇಲೆ ದಾನದ ಮೂಲಕವೋ ಬೇರೆ ರೀತಿಯಲ್ಲೋ ಆಸ್ತಿ ಕೊಟ್ಟಿರಬೇಕು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿರಬೇಕು. ಪಡೆದವರು ನೋಡಿಕೊಳ್ಳದಿರಬೇಕು. ಆಗ ಆ ಪತ್ರವನ್ನು ಮೋಸದಿಂದಲೋ ಒತ್ತಡದಿಂದಲೋ ಬರೆಸಿಕೊಂಡದ್ದೆಂದು ಭಾವಿಸಿ ರದ್ದು ಮಾಡಬಹುದು. ಇಲ್ಲಿ ಎಲ್ಲವೂ ನಿಂತಿರುವುದು ಷರತ್ತಿನ ಮೇಲೆ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದು ತಾಯಿಯೊಬ್ಬರು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದ ಪ್ರಕರಣ. ಹೆತ್ತವರು ಮಕ್ಕಳಿಗೆ ಪ್ರೀತಿಯಿಂದ ಕೊಡುವಾಗ ಪ್ರತಿಯಾಗಿ ಆರೈಕೆಯ ಷರತ್ತು ಇದ್ದೇ ಇರುತ್ತದೆ ಎಂದು ತಾನಾಗಿ ಊಹಿಸಲಾಗುವುದಿಲ್ಲ, ಷರತ್ತು ಇತ್ತು ಎಂದು ತೋರಿಸಬೇಕು ಎಂದಿತು. 2025ರ ಜನವರಿಯಲ್ಲಿ ಬಂದ ಊರ್ಮಿಳಾ ದೀಕ್ಷಿತ್ ತೀರ್ಪು ಸ್ವಲ್ಪ ಮೆತ್ತಗಿದೆ. ಇದು ಹಿರಿಯರ ಒಳಿತಿಗೆಂದೇ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು, ನ್ಯಾಯಮಂಡಳಿ ಮನೆಯ ಸ್ವಾಧೀನವನ್ನೂ ಕೊಡಿಸಬಹುದು ಎಂದಿತು. ಆದರೆ ಆ ತಾಯಿಯ ಕೈಯಲ್ಲಿ ದಾನಪತ್ರದ ಜೊತೆಗೇ ಇನ್ನೊಂದು ಪತ್ರ ಇತ್ತು. ನೋಡಿಕೊಳ್ಳದಿದ್ದರೆ ಆಸ್ತಿ ವಾಪಸು ಪಡೆಯಬಹುದು ಎಂಬ ಮಾತು ಅದರಲ್ಲಿತ್ತು.

ನಮ್ಮ ಊಹೆಯ ಕುಟುಂಬಕ್ಕೆ ಬನ್ನಿ. ದಾನ ಕೊಟ್ಟ ಅಪ್ಪನೇ ಈಗ ಇಲ್ಲ. ಪತ್ರದಲ್ಲಿ ಷರತ್ತೂ ಇಲ್ಲ. "ಪ್ರೀತಿ ವಿಶ್ವಾಸದಿಂದ" ಎಂಬ ಆ ಸಿದ್ಧ ವಾಕ್ಯವೇ ಅಮ್ಮನಿಗೆ ಎದುರಾಗಿ ನಿಲ್ಲುತ್ತದೆ. ಜೊತೆಗೆ ಮನೆ ಬ್ಯಾಂಕಿನಲ್ಲಿ ಅಡವಿದೆ. ನಾಳೆ ಮಗ ಅದನ್ನು ಹೊರಗಿನವರಿಗೆ ಮಾರಿದರೆ, ಏನೂ ಗೊತ್ತಿಲ್ಲದೆ ಹಣ ಕೊಟ್ಟು ಕೊಂಡವರನ್ನು ಕಾಯ್ದೆಯೂ ರಕ್ಷಿಸುತ್ತದೆ. ಆಗ ಅಮ್ಮನಿಗೆ ಉಳಿಯುವುದು ಜೀವನಾಂಶದ ದಾರಿ. ಇಬ್ಬರು ಮಕ್ಕಳೂ ಸೇರಿ ಹತ್ತು ಸಾವಿರದೊಳಗೆ ಕೊಡಲಿ ಎಂಬ ಆದೇಶ ಬರಬಹುದು. ಹಣ ಬರುತ್ತದೆ. ಮಗ್ಗುಲು ಬದಲಿಸುವ ಕೈ ಆದೇಶದಿಂದ ಬರುವುದಿಲ್ಲ. ಆ ಕೆಲಸ ಮಗಳ ಮನೆಯಲ್ಲೇ ಮುಂದುವರಿಯುತ್ತದೆ.

ಈ ಕಾಯ್ದೆ ಸೊಸೆಯ ವಿರುದ್ಧ ತಿರುಗುವುದೂ ಉಂಟು. ನಮ್ಮ ಉತ್ತರ ಬೆಂಗಳೂರಿನದೇ ಒಂದು ಪ್ರಕರಣ, ಎಸ್. ವನಿತಾ. ಗಂಡ-ಹೆಂಡಿರ ನಡುವೆ ಜಗಳ. ಅತ್ತೆ-ಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಎ.ಸಿ. ಬಳಿ ಹೋಗಿ, ಸೊಸೆಯನ್ನು ಮನೆಯಿಂದ ಹೊರಹಾಕಲು ಆದೇಶ ಪಡೆದರು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆ ಬಳಸಿ ಸುಮ್ನೆ ಅಳಿಸಿಹಾಕಲಾಗದು, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಿರಿಯರು ಯಾವಾಗಲೂ ದುರ್ಬಲರು, ಕಿರಿಯರು ಯಾವಾಗಲೂ ಬಲವಂತರು ಎಂದು ಹಿಡಿದರೆ ಮನೆಯೊಳಗಿನ ನಿಜ ಕಾಣುವುದಿಲ್ಲ. ಆಸ್ತಿ ಕೈಯಲ್ಲಿರುವ ಮಾವ ಒಬ್ಬರು, ಹೆಬ್ಬೆಟ್ಟು ಒತ್ತಿಬಿಟ್ಟ ವಿಧವೆ ಅತ್ತೆ ಇನ್ನೊಬ್ಬರು. ಇಬ್ಬರ ಮುಪ್ಪೂ ಒಂದೇ ಅಲ್ಲ.

ಆ ವಿಧವೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಗಂಡಂದಿರು ವಯಸ್ಸಿನಲ್ಲಿ ದೊಡ್ಡವರಾಗಿರುತ್ತಾರೆ. ಹಾಗಾಗಿ ಮುಪ್ಪಿನ ಕೊನೆಯ ಹತ್ತು ವರ್ಷ ನಮ್ಮಲ್ಲಿ ಬಹುಪಾಲು ವಿಧವೆಯರ ಕಾಲ. ಗಂಡ ವಿಲ್ ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳಷ್ಟೇ ಸಮನಾದ ಪಾಲು ಇದೆ. ಹೆಣ್ಣುಮಕ್ಕಳಿಗೂ ಇದೆ. ಕಾಗದದಲ್ಲಿರುವ ಈ ಹಕ್ಕು ತಿಥಿ ಮುಗಿದ ಕೆಲವೇ ವಾರಗಳಲ್ಲಿ ಕರಗಿ ಹೋಗುತ್ತದೆ. ಖಾತೆ ಬದಲಾವಣೆಗೆಂದು ಕರೆದುಕೊಂಡು ಹೋಗಿ, ಜೊತೆಯಲ್ಲೇ ಹಕ್ಕು ಬಿಡುಗಡೆ ಪತ್ರಕ್ಕೂ ಸಹಿ ಹಾಕಿಸುತ್ತಾರೆ. ಅಮ್ಮನಿಗೂ ಸಹಿ, ಮಗಳಿಗೂ ಸಹಿ. ಆ ಹೊತ್ತಿನಲ್ಲಿ ಇಬ್ಬರೂ ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ವರ್ಷದೊಳಗೆ ಯಾವ ಬಿಡುಗಡೆ ಪತ್ರಕ್ಕೂ ಸಹಿ ಹಾಕಬೇಡಿ, ಪೌತಿ ಖಾತೆಗೆ ಎಲ್ಲ ವಾರಸುದಾರರ ಹೆಸರನ್ನೂ ಸೇರಿಸಿ ಎಂದು ನಾನು ಎಲ್ಲ ಕಡೆಯೂ ಹೇಳುತ್ತೇನೆ. ಇಲ್ಲೂ ಹೇಳುತ್ತಿದ್ದೇನೆ.

ಇನ್ನು, ಬರೆದುಕೊಡಲೇಬೇಕಾದರೆ ಹೇಗೆ? ಮೊದಲು ವಿಲ್ ಮತ್ತು ದಾನಪತ್ರದ ನಡುವಿನ ವ್ಯತ್ಯಾಸ ತಿಳಿದಿರಲಿ. ವಿಲ್ ಅಂದರೆ ಸತ್ತ ಮೇಲೆ ಜಾರಿಗೆ ಬರುವುದು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಯಾವ ಅಧಿಕಾರಿಯನ್ನೂ ಕೇಳಬೇಕಿಲ್ಲ. ದಾನಪತ್ರ ಹಾಗಲ್ಲ. ನೋಂದಣಿಯಾದ ದಿನವೇ ಆಸ್ತಿ ಹೋಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಮನಸ್ಸು ಬಂದಾಗ ರದ್ದು ಮಾಡುವ ಹಕ್ಕಿಟ್ಟುಕೊಂಡರೆ ಆ ದಾನವೇ ನಿಲ್ಲುವುದಿಲ್ಲ. ಸಾಲದಂಥ ತುರ್ತು ಕಾರಣ ಇಲ್ಲದಿದ್ದರೆ ವಿಲ್ ಸಾಕು. ದಾನಪತ್ರವೇ ಆಗಬೇಕಾದರೆ ಅದರಲ್ಲಿ ಎರಡು ವಿಷಯ ಇರಲಿ. ಮೊದಲನೆಯದು, ಗಂಡ-ಹೆಂಡತಿ ಇಬ್ಬರೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ, ಅದರ ಬಾಡಿಗೆ ಪಡೆಯುವ ಹಕ್ಕು. ಹೀಗೆ ಅನುಭೋಗದ ಹಕ್ಕು ಉಳಿಸಿಕೊಂಡು ದಾನ ಮಾಡಬಹುದು ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. ಎರಡನೆಯದು ಆರೈಕೆಯ ಷರತ್ತು. "ಚೆನ್ನಾಗಿ ನೋಡಿಕೊಳ್ಳತಕ್ಕದ್ದು" ಅಂತ ಸುಮ್ನೆ ಬರೆದರೆ ಮುಂದೆ ವಾದಕ್ಕೆ ದಾರಿಯಾಗುತ್ತದೆ. ಇಷ್ಟು ಬಿಡಿಸಿ ಬರೆಸಿ:

"ದಾನ ಪಡೆದವರು, ದಾನ ಕೊಟ್ಟ ನನಗೂ ನನ್ನ ಹೆಂಡತಿಗೂ ನಮ್ಮ ಜೀವಿತಾವಧಿಯವರೆಗೆ ಊಟ, ಬಟ್ಟೆ, ವಾಸ, ವೈದ್ಯಕೀಯ ಖರ್ಚು ಹಾಗೂ ಹಾಸಿಗೆ ಹಿಡಿದಲ್ಲಿ ಆರೈಕೆಯ ಏರ್ಪಾಡು ಒದಗಿಸುವ ಷರತ್ತಿಗೆ ಒಳಪಟ್ಟು ಈ ದಾನ ಮಾಡಿರುತ್ತೇನೆ. ಇದರಲ್ಲಿ ತಪ್ಪಿದರೆ 2007ರ ಕಾಯ್ದೆಯ 23ನೇ ಕಲಮಿನಂತೆ ಈ ಪತ್ರ ರದ್ದಾಗಲು ಬಾಧ್ಯವಾಗಿರುತ್ತದೆ."

ಬ್ಯಾಂಕಿನವರು ಇಂಥ ಪತ್ರ ನೋಡಿ ಸಾಲ ಕೊಡಲು ಹಿಂಜರಿಯಬಹುದು. ಅದೂ ನಿಜ. ಆಗ ಮಗನ ಸಾಲಕ್ಕಾಗಿ ಇಡೀ ಮನೆಯನ್ನು ಪಣಕ್ಕಿಡುತ್ತಿದ್ದೇವೆ ಅನ್ನುವುದಾದರೂ ಎಲ್ಲರಿಗೂ ಕಾಣುತ್ತದೆ, ಆ ಮಾತು ಊಟದ ಮನೆಯಲ್ಲೇ ಆಗುತ್ತದೆ. ಹೆಣ್ಣುಮಕ್ಕಳು, ಸೊಸೆ ಕೂತು ಕೇಳಿಸಿಕೊಳ್ಳುವ ಹಾಗೆ ಆ ಮಾತಾಗಲಿ. ಯಾರು ನೋಡಿಕೊಳ್ಳುತ್ತಾರೆ, ಆಯಾ ಇಡಬೇಕಾದರೆ ಖರ್ಚು ಯಾರದ್ದು, ಕೆಲಸ ಬಿಟ್ಟು ನೋಡಿಕೊಂಡ ಮಗಳಿಗೆ ಏನು ಕೊಡುತ್ತೇವೆ ಅಂತ ಅಲ್ಲೇ ಕೇಳಿ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗ "ದುಡ್ಡು ಕಳಿಸ್ತೀನಿ" ಅಂದರೆ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬುದನ್ನೂ ಕೇಳಿ.

ಅಕ್ಕಪಕ್ಕದವರಿಗೆ, ವಿದ್ಯಾರ್ಥಿಗಳಿಗೆ ಒಂದು ಮಾತು. ಮನೆಯೊಳಗಿನ ಅಲಕ್ಷ್ಯ ಕೂಗಿ ಹೇಳುವುದಿಲ್ಲ. ಪಿಂಚಣಿ ಪಾಸ್‌ಬುಕ್, ಎ.ಟಿ.ಎಂ. ಕಾರ್ಡ್ ಯಾರ ಹತ್ತಿರ ಇದೆ ಅಂತ ಕೇಳಿ ನೋಡಿ. ಮಾತ್ರೆ ಎರಡು ದಿನಕ್ಕೊಂದು ನುಂಗುತ್ತಿದ್ದಾರಾ, ಕನ್ನಡಕ ಒಡೆದು ಎಷ್ಟು ದಿನವಾಯಿತು, ಮಲಗುವ ಜಾಗ ರೂಮಿನಿಂದ ಹಾಲಿಗೆ, ಹಾಲಿನಿಂದ ವರಾಂಡಕ್ಕೆ ಬಂತಾ ಅಂತ ಗಮನಿಸಿ. ಆಸ್ಪತ್ರೆಯ ನರ್ಸ್‌ಗಳಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಡಿಸ್ಚಾರ್ಜ್ ಆದ ದಿನ ಕರೆದೊಯ್ಯಲು ಯಾರೂ ಬರುವುದಿಲ್ಲ, ಕೊಟ್ಟ ಫೋನ್ ನಂಬರ್ ಹತ್ತುವುದಿಲ್ಲ. ಹಿರಿಯರನ್ನು ಹೀಗೆ ಬಿಟ್ಟುಹೋಗುವುದು ಇದೇ ಕಾಯ್ದೆಯ 24ನೇ ಕಲಮಿನಲ್ಲಿ ಅಪರಾಧ, ಮೂರು ತಿಂಗಳವರೆಗೆ ಶಿಕ್ಷೆ ಇದೆ. 14567 ಎಂಬ ಹಿರಿಯರ ಸಹಾಯವಾಣಿಗೆ ಯಾರು ಬೇಕಾದರೂ ಫೋನ್ ಮಾಡಬಹುದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಹೀಗೆ ಎಲ್ಲ ಬರೆದಿಟ್ಟುಕೊಂಡರೆ ಮನೆ ವ್ಯವಹಾರದ ಜಾಗ ಆಗಲ್ವಾ?"

ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಸ್ತಿ ಕೊಡುವ ಭಾಗವನ್ನು ನಾವು ಈಗಾಗಲೇ ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಮುಂದೆ, ನೋಂದಣಿ ಮಾಡಿಸಿಯೇ ಮಾಡುತ್ತೇವಮ್ಮ. ವ್ಯವಹಾರ ಅಲ್ಲೇ ಆಗಿಹೋಯಿತು. ಆರೈಕೆಯ ಭಾಗವನ್ನು ಮಾತ್ರ ಬಾಯಿ ಮಾತಿಗೆ ಬಿಡುತ್ತೇವೆ. ಅರ್ಧ ಬರೆದದ್ದರಿಂದಲೇ ಜಗಳ ಬರುತ್ತಿದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, "ನಾನು ಬರೆದುಕೊಟ್ಟು ಎಂಟು ವರ್ಷ ಆಯ್ತು. ಷರತ್ತು ಗಿರತ್ತು ಏನೂ ಇಲ್ಲ. ಈಗೇನ್ ಮಾಡ್ಲಿ?" ಎಂದರು.

ಮೂರು ಕೆಲಸ ಮಾಡಿ, ಯಜಮಾನರೇ. ಪತ್ರದ ದೃಢೀಕೃತ ನಕಲು ತೆಗೆಸಿ ಒಮ್ಮೆ ಪೂರ್ತಿ ಓದಿಸಿ. ಎಷ್ಟೋ ಸಲ ಷರತ್ತು ಎಲ್ಲೋ ಒಂದು ಸಾಲಿನಲ್ಲಿ ಇರುತ್ತದೆ, ಕೊಟ್ಟವರಿಗೇ ಗೊತ್ತಿರುವುದಿಲ್ಲ. ಆ ದಿನಗಳಲ್ಲಿ ಮಗ ಬರೆದ ಚೀಟಿ, ಪಂಚಾಯ್ತಿ ಮಾಡಿದ ಕಾಗದ, ಫೋನಿನ ಮೆಸೇಜು ಏನಿದ್ದರೂ ಹುಡುಕಿಡಿ. ಷರತ್ತು ಇತ್ತು ಎಂದು ತೋರಿಸಲು ಅವು ನೆರವಾಗಬಹುದು. ಅದೇನೂ ಸಿಗದಿದ್ದರೂ ಜೀವನಾಂಶದ ಅರ್ಜಿಗೆ ಷರತ್ತೇ ಬೇಕಿಲ್ಲ. ನಿಮ್ಮ ಆದಾಯ ಸಾಲುತ್ತಿಲ್ಲ, ಮಕ್ಕಳಿಗೆ ಕೊಡುವ ಶಕ್ತಿ ಇದೆ ಅಂತ ತೋರಿಸಿದರೆ ಸಾಕು. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶವನ್ನೂ ಕೇಳಬಹುದು, ಮೊದಲ ಅರ್ಜಿಯಲ್ಲೇ ಅದನ್ನೂ ಬರೆಸಿ. ನಾಳೆ ನಿಮ್ಮ ಪತ್ರ ತಗೊಂಡು ಬನ್ನಿ, ಕೂತು ಓದೋಣ.